ಬುಗುರಿ ಅಕ್ಕನ ಸೊಸೆಗೆ ಆಗದ ಮದ್ದು

ಹೆರಿಗೆ ವಾರ್ಡಿನಲ್ಲಿ ಅವಳು ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಬುಗುರಿ ಅಕ್ಕ. ಅವಳಿಗೂ ಅದು ಗೊತ್ತಿತ್ತು, ಕೇಳಿದರೂ ಕೇಳಿಸದವಳ ಹಾಗೆ ಇರುತ್ತಿದ್ದಳು. ಕೂತಲ್ಲಿ ಕೂರುವ ಜಾಯಮಾನವೇ ಅವಳದಲ್ಲ. ಕುರ್ಚಿ ಕಂಡರೆ ಅದರ ಮೇಲೆ ಹತ್ತಿಯ ಡಬ್ಬ ಇಡುತ್ತಿದ್ದಳೇ ಹೊರತು ತಾನು ಕೂರುತ್ತಿರಲಿಲ್ಲ. ಚಹಾ ಕುಡಿಯುವುದೂ ನಡೆಯುತ್ತಲೇ. ಒಂದು ಗುಟುಕು ಮಂಚದ ಹತ್ತಿರ, ಇನ್ನೊಂದು ಬಾಗಿಲ ಹತ್ತಿರ, ಕೊನೆಯದು ಎಲ್ಲೋ ಮರೆತ ಲೋಟದಲ್ಲಿ ತಣ್ಣಗಾಗುತ್ತಿತ್ತು.

ಬಾಯಿಯೂ ಕಾಲಿನಷ್ಟೇ ಚುರುಕು. ನೋವು ತಿನ್ನುವ ಹೆಂಗಸರಿಗೆ ಬೈಯುತ್ತಾ ಬೈಯುತ್ತಾ ಬೆನ್ನು ನೀವುತ್ತಿದ್ದಳು. 'ಅಯ್ಯೋ ಅಯ್ಯೋ ಅಂದ್ರೆ ಮಗು ಬರುತ್ತೇನೇ? ಉಸಿರು ಬಿಡು, ನನ್ನ ಕೈ ಹಿಡ್ಕೊ, ಮುರಿದ್ರೂ ಪರವಾಗಿಲ್ಲ' ಎನ್ನುವವಳು. ಬೈಗುಳ ತಿಂದವರೇ ಮುಂದಿನ ಹೆರಿಗೆಗೆ ಬಂದು 'ಅಕ್ಕ ಇದ್ದಾರಾ' ಎಂದು ಕೇಳುತ್ತಿದ್ದರು. ಹೇಳಬೇಕಾದ್ದು ಹೇಳಿಬಿಡುತ್ತೇನೆ: ಅವಳು ಒಳ್ಳೆಯ ನರ್ಸು. ಆದರೆ ತನಗೆ ಗೊತ್ತಿಲ್ಲದ್ದು ಪ್ರಪಂಚದಲ್ಲಿ ಏನೂ ಇಲ್ಲ ಎಂಬ ಗತ್ತು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹೆರಿಗೆ ಕೋಣೆಯ ಹೊರಗೆ, ಓಣಿಯಂಥ ಉದ್ದನೆಯ ಪಡಸಾಲೆಯಲ್ಲಿ ಒಂದು ಚಿಕ್ಕ ಫ್ರಿಜ್ಜು. ಅದು ಅಕ್ಕನ ಸಾಮ್ರಾಜ್ಯ. ಅದರಲ್ಲಿ ಯಾರಾದರೂ ಊಟದ ಡಬ್ಬಿ ಇಟ್ಟರೆ ಅವತ್ತು ಅವರ ಜಾತಕ ಬಿಚ್ಚುತ್ತಿದ್ದಳು. ಗರ್ಭಕೋಶ ಹಿಂಡುವ ಚುಚ್ಚುಮದ್ದುಗಳಿಗೆ ತಂಪು ಬೇಕು. ಬೆಚ್ಚಗಾದರೆ ಅವುಗಳ ಕಸುವು ಹೋಗುತ್ತದೆ. ಕೆಲಸಕ್ಕೆ ಹೊಸದಾಗಿ ಬಂದ ಪ್ರತಿ ನರ್ಸನ್ನೂ ಅಕ್ಕ ಆ ಫ್ರಿಜ್ಜಿನ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದಳು.

'ಇದು ಆಕ್ಸಿಟೋಸಿನ್. ಮನೆಯ ದೊಡ್ಡ ಸೊಸೆ ಇದ್ದ ಹಾಗೆ, ಹೇಳಿದ ಮಾತು ಕೇಳುತ್ತೆ. ಹನಿ ಹನಿಯಾಗಿ ಬಿಟ್ರೆ ಗರ್ಭಕೋಶ ಹಿಂಡುತ್ತೆ, ಬಿಡುತ್ತೆ, ಮತ್ತೆ ಹಿಂಡುತ್ತೆ. ಆತುರಪಟ್ಟು ಜಾಸ್ತಿ ಬಿಟ್ಯೋ, ಹಿಂಡೋದೇ ಆಗುತ್ತೆ, ಬಿಡೋದೇ ಇಲ್ಲ. ಒಳಗಿರೋ ಮಗೂಗೆ ಉಸಿರು ಕಟ್ಟುತ್ತೆ. ಒಂದೇ ಸಲ ರಕ್ತನಾಳಕ್ಕೆ ಸುರಿದ್ರೆ ತಾಯಿ ಬಿಪಿ ಧೊಪ್ಪಂತ ಬೀಳುತ್ತೆ. ಇದು ಎರ್ಗೊಮೆಟ್ರಿನ್. ಇದು ಮುಷ್ಟಿ ಹಿಡಿದ್ರೆ ಬಿಡೋ ಗಿರಾಕಿ ಅಲ್ಲ. ಮಗು ಹೊಟ್ಟೇಲಿರೋವಾಗ ಇದರ ನೆರಳೂ ಬೀಳಬಾರ್ದು. ಮಗು ಹೊರಗೆ ಬಂದ ಮೇಲೂ ಹೊಟ್ಟೆ ಮೇಲೆ ಕೈ ಇಟ್ಟು, ಒಳಗೆ ಇನ್ನೊಂದು ಇಲ್ಲ ಅಂತ ನೋಡ್ಕೊಂಡೇ ಕೊಡಬೇಕು. ಬಿಪಿ ಇದ್ದೋರಿಗೆ, ಹಾರ್ಟು ಸರಿ ಇಲ್ಲದೋರಿಗೆ ಬೇಡ. ಇದು ಗರ್ಭಕೋಶ ಮಾತ್ರ ಹಿಂಡಲ್ಲ, ಮೈಯ ರಕ್ತನಾಳಾನೂ ಹಿಂಡುತ್ತೆ. ತಿಳೀತಾ?'

ತಿಳೀತು ಎಂದು ತಲೆಯಾಡಿಸಿದರೆ ಸಾಲದು. ಅಕ್ಕ ಹೇಳಿದ್ದನ್ನು ಅಕ್ಕನಿಗೇ ತಿರುಗಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ.

ಇಂಥ ಅಕ್ಕನ ಸೊಸೆಯನ್ನೇ ಹೆರಿಗೆಗೆ ಅದೇ ವಾರ್ಡಿಗೆ ಸೇರಿಸಿದ ಮೇಲೆ ಕೇಳಬೇಕೇ! ಅವತ್ತು ಬೆಳಗ್ಗೆ ಅಕ್ಕ ಬುಗುರಿಯನ್ನೂ ಮೀರಿಸಿದಳು. ಹಾಸಿಗೆಯ ಹೊದಿಕೆ ತಾನೇ ಬದಲಿಸಿದಳು, ಕಿಟಕಿ ತೆರೆದಳು, ಗಾಳಿ ಜಾಸ್ತಿ ಎಂದು ಮುಚ್ಚಿದಳು, ಸೆಕೆ ಎಂದು ಮತ್ತೆ ತೆರೆದಳು. ಮಗ ದೂರದ ಊರಿನ ಬಸ್ಸಿನ ಡ್ರೈವರ್. ಬೆಳಗಾಗುವ ಮೊದಲೇ ಗಾಡಿ ತೆಗೆದುಕೊಂಡು ಹೋಗಿದ್ದ, ಸಂಜೆಗೆ ಬರುವವನಿದ್ದ. ಹಾಗಾಗಿ ಗಂಡನ ಪಾಲಿನ ಚಡಪಡಿಕೆಯನ್ನೂ ತಾಯಿಯೇ ಪಡುತ್ತಿದ್ದಳು.

ಸೊಸೆ ತೆಳ್ಳಗಿನ ಮೈಯ, ಮೆಲುದನಿಯ ಹುಡುಗಿ. ಚೊಚ್ಚಲು ಬಸಿರು. ದಿನ ತುಂಬುತ್ತಾ ಬಂದ ಹಾಗೆ ಬಿಪಿ ಏರಿತ್ತು. ಅದಕ್ಕೆ ನಿಫೆಡಿಪಿನ್ ಮಾತ್ರೆ ನಡೆಯುತ್ತಿತ್ತು. ಕಾಯುವುದು ಬೇಡ, ನೋವು ಬರಿಸಿ ಹೆರಿಗೆ ಮಾಡಿಸೋಣ ಎಂದು ಡಾಕ್ಟರಮ್ಮ ಹೇಳಿದ್ದರು.

ಸೇರಿಸಿಕೊಳ್ಳುವಾಗ ಹೊಸ ನರ್ಸು ಕಾಗದ ಹಿಡಿದು ಹುಡುಗಿಯ ಮುಂದೆ ನಿಂತಳು. ಎಲ್ಲರನ್ನೂ ಕೇಳುವ ಪ್ರಶ್ನೆಗಳೇ. ಹಿಂದೆ ಆಪರೇಷನ್ ಆಗಿದೆಯಾ, ಹೃದಯದ ತೊಂದರೆ ಇದೆಯಾ, ಯಾವ ಮದ್ದಾದರೂ ಮೈಗೆ ಒಗ್ಗಲ್ಲವಾ. ಅಕ್ಕ ನಡುವೆ ನುಗ್ಗಿದಳು.

'ಅವಳನ್ನೇನು ಕೇಳ್ತೀಯ? ನಮ್ಮನೆ ಹುಡುಗಿ. ನನ್ನ ಕೇಳು. ಆಪರೇಷನ್ ಇಲ್ಲ. ಹಾರ್ಟು ಗಟ್ಟಿ. ಸಕ್ಕರೆ ಇಲ್ಲ. ಉಬ್ಬಸ ಇಲ್ಲ. ಫಿಟ್ಸ್ ಇಲ್ಲ. ಈ ಬಿಪಿ ಒಂದು ಬಿಟ್ರೆ ಬಂಗಾರದಂಥ ಮೈ. ಬರ್ಕೊ.'

ಹೊಸ ನರ್ಸು ಬರೆದುಕೊಂಡಳು. ಅಕ್ಕನ ಮಾತಿಗೆ ಎದುರಾಡುವವರು ಯಾರು? ತಿಂಗಳ ತಪಾಸಣೆಗೆ ಬಂದಾಗಲೆಲ್ಲ ಹೀಗೇ ಆಗಿತ್ತು. ಸ್ಟಾಫಿನ ಮನೆಯವರು ಎಂದರೆ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ, ಮತ್ತೆ ಮತ್ತೆ ಕೇಳಿ ಬೇಸರ ಮಾಡುವ ಹಾಗಿಲ್ಲ. ಎಲ್ಲವೂ ಸಲಿಗೆಯಲ್ಲಿ, ನಗುನಗುತ್ತಾ, ಬೇಗ ಮುಗಿಯುತ್ತಿತ್ತು. ಹೊರಗಿನಿಂದ ಬಂದ ಬಡಪಾಯಿ ಹೆಂಗಸಿಗೆ ಕೇಳುವಷ್ಟು ಪ್ರಶ್ನೆಗಳನ್ನೂ ಅಕ್ಕನ ಸೊಸೆಗೆ ಯಾರೂ ಕೇಳಿರಲಿಲ್ಲ. ಹುಡುಗಿ ಬಾಯಿ ತೆರೆಯುವ ಮುಂಚೆ ಉತ್ತರ ಬಂದುಬಿಟ್ಟಿರುತ್ತಿತ್ತು.

ಮೊದಲು ಮಿಸೊಪ್ರೊಸ್ಟಾಲ್ ಕೊಟ್ಟರು. ಪ್ರೊಸ್ಟಾಗ್ಲಾಂಡಿನ್ ಎಂಬ ದೊಡ್ಡ ಮನೆತನದ ಮಾತ್ರೆ ಅದು. ಗರ್ಭಕೋಶದ ಬಾಯಿ ಮೆತ್ತಗಾಗಲು ಅದರ ಸಣ್ಣದೊಂದು ಅಳತೆ ಸಾಕು. ಹಿಂದೆ ಸಿಸೇರಿಯನ್ ಆಗಿದ್ದರೆ ಹಳೆಯ ಗಾಯದಲ್ಲಿ ಗರ್ಭಕೋಶ ಬಿರಿದೀತು ಎಂಬ ಭಯವಿರುತ್ತದೆ, ಆಗ ಆ ಮಾತ್ರೆಯ ತಂಟೆಗೇ ಹೋಗುವುದಿಲ್ಲ. ಈ ಹುಡುಗಿಗೆ ಅಂಥದ್ದೇನೂ ಇರಲಿಲ್ಲ. ಬಾಯಿ ಮೆತ್ತಗಾಯಿತು, ಆದರೆ ನೋವು ಸಾಲಲಿಲ್ಲ. ಮಾತ್ರೆಯ ಪ್ರಭಾವ ಇಳಿಯುವವರೆಗೆ ಕಾದು ಆಮೇಲೆ ಆಕ್ಸಿಟೋಸಿನ್ ಡ್ರಿಪ್ ಹಾಕಿದರು.

ಕಾಯುವುದು ಎಂದರೆ ಅಕ್ಕನಿಗೆ ಹಲ್ಲುನೋವು ಬಂದ ಹಾಗೆ. ಡ್ರಿಪ್ಪಿನ ಹನಿ ಬೀಳುವುದನ್ನೇ ನೋಡುತ್ತಾ ನಿಂತಳು. ಒಂದು ಹನಿ, ಇನ್ನೊಂದು ಹನಿ. ಹುಡುಗಿ ತುಟಿ ಕಚ್ಚಿಕೊಂಡು ಮಲಗಿದ್ದಳು. ಅಕ್ಕ ಡಾಕ್ಟರಮ್ಮನ ಮುಖ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಹನಿ ನೋಡಿದಳು. ತನಗೇ ತಿಳಿಯದೆ ಅವಳ ಕೈ ಹನಿ ಹೆಚ್ಚು ಕಡಿಮೆ ಮಾಡುವ ಡ್ರಿಪ್ಪಿನ ಗಾಲಿಯ ಕಡೆ ಹೋಯಿತು.

'ಸಿಸ್ಟರ್,' ಎಂದರು ಡಾಕ್ಟರಮ್ಮ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. 'ಮುಟ್ಲಿಲ್ಲ ಮೇಡಂ. ಹನಿ ಸರಿ ಬೀಳ್ತಿದ್ಯಾ ಅಂತ ನೋಡ್ದೆ.'

'ಬೇರೆ ಯಾರಾದ್ರೂ ಹೀಗೆ ಕೈ ಹಾಕಿದ್ರೆ ನೀವೇ ಅವರ ಕೈ ಮುರೀತಿದ್ರಿ. ಇವತ್ತು ನೀವು ಸಿಸ್ಟರ್ ಅಲ್ಲ, ಅತ್ತೆ. ಹೊರಗೆ ಕೂತ್ಕೊಳ್ಳಿ.'

'ಮೇಡಂ, ನಾನು ಒಂದು ಮೂಲೇಲಿ...'

'ಹೊರಗೆ.'

ತನ್ನದೇ ವಾರ್ಡಿನಿಂದ ತನ್ನನ್ನೇ ಹೊರಗೆ ಹಾಕಿದರಲ್ಲ ಎಂಬ ಅವಮಾನ ಒಂದು ಕಡೆ, ಅವರು ಹೇಳಿದ್ದು ಸರಿ ಎಂಬ ಸಿಟ್ಟು ಇನ್ನೊಂದು ಕಡೆ. ಮುಖ ಊದಿಸಿಕೊಂಡು ಅಕ್ಕ ಪಡಸಾಲೆಗೆ ಬಂದಳು. ಹೋಗುವಾಗ ಹುಡುಗಿಯ ಹಣೆ ಮುಟ್ಟಿ, 'ಹೆದರ್ಬೇಡ, ನಾನು ಬಾಗಿಲ ಹತ್ರಾನೇ ಇರ್ತೀನಿ' ಎಂದಿದ್ದಳು. ಹುಡುಗಿ 'ಸರಿ ಅತ್ತೆ' ಎಂದಿದ್ದಳು. ಅವಳು ಅತ್ತೆಗೆ ಹೇಳುತ್ತಿದ್ದುದೇ ಅದು, ಎಲ್ಲದಕ್ಕೂ.

ಪಡಸಾಲೆಯ ಬೆಂಚಿನ ಮೇಲೆ ಬೀಗಿತ್ತಿ, ಅಂದರೆ ಹುಡುಗಿಯ ತಾಯಿ, ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಟೈಲರಿಂಗ್ ಮಾಡುವ ಹೆಂಗಸು. ಸುಮ್ಮನೆ ಕೂತಾಗಲೂ ಅವಳ ಬೆರಳುಗಳು ಚೀಲದ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದವು. ಅಕ್ಕನನ್ನು ಕಂಡರೆ ಅವಳಿಗೆ ಗೌರವಕ್ಕಿಂತ ಅಳುಕೇ ಜಾಸ್ತಿ.

'ಹೇಗಿದ್ದಾಳೆ?' ಎಂದು ಕೇಳಿದಳು.

'ಚೆನ್ನಾಗಿದ್ದಾಳೆ. ನನ್ನೇ ಹೊರಗೆ ಹಾಕಿದ್ರು ನೋಡಿ. ಇಷ್ಟು ವರ್ಷ ನಾನು ಹಿಡಿದ ಮಕ್ಕಳನ್ನ ಸಾಲಾಗಿ ನಿಲ್ಸಿದ್ರೆ ಈ ರಸ್ತೆ ಸಾಲಲ್ಲ, ನನಗೆ ಹೊರಗೆ ಕೂತ್ಕೊ ಅಂತಾರೆ.' ಕೂರಲಿಲ್ಲ. ಫ್ರಿಜ್ಜಿನವರೆಗೆ ಹೋದಳು, ಬಾಗಿಲವರೆಗೆ ಬಂದಳು, ಕಿವಿಗೊಟ್ಟಳು, ಮತ್ತೆ ಫ್ರಿಜ್ಜಿನವರೆಗೆ ಹೋದಳು. ಒಳಗಿಂದ ಹುಡುಗಿಯ ನರಳಾಟ ಜೋರಾದಾಗಲೆಲ್ಲ ಅಕ್ಕನ ಬಾಯಿಯೂ ಜೋರಾಗುತ್ತಿತ್ತು. ಹೆದರಿಕೆಯಾದರೆ ಪಾಠ ಹೇಳುವುದು ಅವಳ ಸ್ವಭಾವ. ಆಕ್ಸಿಟೋಸಿನ್ ಹೇಗೆ ಕೆಲಸ ಮಾಡುತ್ತೆ, ಡಾಕ್ಟರಮ್ಮ ಮಗುವಿನ ಎದೆಬಡಿತ ಯಾಕೆ ಪದೇ ಪದೇ ಕೇಳುತ್ತಾರೆ, ಎಲ್ಲವನ್ನೂ ಬೀಗಿತ್ತಿಯ ತಲೆಗೆ ತುಂಬಿದಳು. ಪಾಪದ ಹೆಂಗಸು 'ಹೂಂ, ಹೂಂ' ಎನ್ನುತ್ತಾ ಚೀಲದ ಅಂಚು ಮಡಿಸುತ್ತಿದ್ದಳು.

ಇಳಿಹೊತ್ತಿನ ಬಿಸಿಲು ಪಡಸಾಲೆಯ ಕೊನೆಯ ಕಿಟಕಿಗೆ ಬಂದಾಗ ಮಗುವಿನ ಅಳು ಕೇಳಿಸಿತು. ಬೀಗಿತ್ತಿ ಬಾಯಿಗೆ ಕೈ ಹಿಡಿದು ಅತ್ತೇ ಬಿಟ್ಟಳು. ಅಕ್ಕ ಗಾಳಿಯಲ್ಲೇ ಕೈ ಮುಗಿದು, 'ಕೇಳಿದ್ರಾ ಗಂಟಲು? ಈಗಲೇ ನನ್ನ ಹಾಗೆ!' ಎಂದಳು. ಹೊಸ ನರ್ಸು ಬಾಗಿಲಿನಿಂದ ತಲೆ ಹೊರಹಾಕಿ, 'ಹೆಣ್ಣುಮಗು ಅಕ್ಕ, ಗುಂಡುಗುಂಡಾಗಿದೆ. ಹೊಟ್ಟೆ ನೋಡಿ ಆಕ್ಸಿಟೋಸಿನ್ ತೊಡೆಗೆ ಕೊಟ್ಟಾಯ್ತು, ಮಾಸೂ ಪೂರ್ತಿ ಬಂತು' ಎಂದು ಪಾಠ ಒಪ್ಪಿಸಿದಳು.

'ಭೇಷ್,' ಎಂದಳು ಅಕ್ಕ.

ಆಮೇಲೆ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಇಬ್ಬರೂ ಬಾಗಿಲಿಗೆ ಕಣ್ಣು ಅಂಟಿಸಿಕೊಂಡು ನಿಂತರು. ಕರೆಯಲಿಲ್ಲ. ಒಳಗಿನ ಸದ್ದು ಬದಲಾಯಿತು. ನಗು ನಿಂತಿತು. ಸ್ಟೀಲಿನ ತಟ್ಟೆಗಳು ಒಂದರ ಮೇಲೊಂದು ಬಿದ್ದ ಸದ್ದು, ಡಾಕ್ಟರಮ್ಮನ ಚಿಕ್ಕ ಚಿಕ್ಕ ಮಾತುಗಳು. ಆ ಚಿಕ್ಕ ಮಾತುಗಳ ಅರ್ಥ ಅಕ್ಕನಿಗೆ ಬಾಗಿಲಾಚೆಯಿಂದಲೂ ತಿಳಿಯುತ್ತಿತ್ತು. ಹೊಟ್ಟೆ ಉಜ್ಜು. ಇನ್ನೊಂದು ಲೈನ್ ಹಾಕು. ಡ್ರಿಪ್ಪಿಗೆ ಆಕ್ಸಿಟೋಸಿನ್ ಸೇರಿಸು. ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಹಾಕು. ಬ್ಲಡ್ ಬ್ಯಾಂಕಿಗೆ ಫೋನ್ ಮಾಡು.

'ಏನಾಯ್ತು?' ಎಂದಳು ಬೀಗಿತ್ತಿ.

ಮಗು ಹೊರಬಂದ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಗಟ್ಟಿಯಾಗಬೇಕು, ಹಾಗೆ ಗಟ್ಟಿಯಾದರೆ ಮಾತ್ರ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ದಿನವಿಡೀ ದುಡಿದು ಸುಸ್ತಾದ ಗರ್ಭಕೋಶ ಕೆಲವೊಮ್ಮೆ ಮುದ್ದೆಯಂತೆ ಕೂತುಬಿಡುತ್ತದೆ. ಆಗ ನಲ್ಲಿ ಬಿಟ್ಟ ಹಾಗೆ ರಕ್ತ ಹೋಗುತ್ತದೆ. ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ಅಕ್ಕ ಕಣ್ಣಾರೆ ಕಂಡವಳು. ಇನ್ನೊಬ್ಬರ ಮನೆಯವರಿಗೆ 'ಧೈರ್ಯವಾಗಿರಿ' ಎಂದು ಎಷ್ಟು ಸುಲಭವಾಗಿ ಹೇಳುತ್ತಿದ್ದೆ ಎನ್ನಿಸಿತು.

'ರಕ್ತ ಸ್ವಲ್ಪ ಜಾಸ್ತಿ ಹೋಗ್ತಿದೆ,' ಎಂದಳು. 'ನೋಡ್ಕೋತಾರೆ.'

ಬಾಗಿಲು ಧಡಾರನೆ ತೆರೆಯಿತು. ಹೊಸ ನರ್ಸು ಫ್ರಿಜ್ಜಿಗೆ ಓಡಿಬಂದಳು. ಕೈಗವಸಿನ ಮೇಲೆಲ್ಲ ರಕ್ತ. ಅದನ್ನು ಕಿತ್ತೆಸೆದು ಫ್ರಿಜ್ಜು ತೆರೆದಳು. ಅವಳ ಕೈ ಎರ್ಗೊಮೆಟ್ರಿನ್ ಇದ್ದ ಟ್ರೇಯನ್ನು ದಾಟಿತು. ಅದರ ಪಕ್ಕದ ಡಬ್ಬಿಯಿಂದ ಕಾರ್ಬೊಪ್ರೊಸ್ಟ್ ಎತ್ತಿಕೊಂಡು ಬಂದ ಹಾಗೇ ಓಡಿದಳು. ಬಾಗಿಲು ಮುಚ್ಚಿತು.

ಅಕ್ಕ ಗೋಡೆಗೆ ಒರಗಿ ಉಸಿರು ಬಿಟ್ಟಳು. 'ಸದ್ಯ! ತಲೆ ಇದೆ ಹುಡುಗೀಗೆ.'

'ಏನು ತಗೊಂಡ್ಹೋದ್ಲು?' ಎಂದಳು ಬೀಗಿತ್ತಿ.

'ಬಿಪಿ ಇದೆಯಲ್ಲ ನಮ್ಮವಳಿಗೆ, ಆ ಎರ್ಗೊಮೆಟ್ರಿನ್ ಕೊಡೋ ಹಾಗಿಲ್ಲ. ಕೊಟ್ರೆ ಬಿಪಿ ನೆತ್ತಿಗೇರಿ ಮೆದುಳಲ್ಲಿ ರಕ್ತನಾಳ ಒಡೀಬಹುದು. ಇದು ಬೇರೆ, ಕಾರ್ಬೊಪ್ರೊಸ್ಟ್ ಅಂತ. ಬೆಳಗ್ಗೆ ಮಾತ್ರೆ ಕೊಟ್ರಲ್ಲ, ಅದೇ ಮನೆತನದ್ದು. ಗರ್ಭಕೋಶಾನ ಗಬಕ್ಕಂತ ಹಿಡಿದುಬಿಡುತ್ತೆ. ಉಬ್ಬಸ ಇದ್ದೋರಿಗೆ ಮಾತ್ರ ಕೊಡಬಾರ್ದು ಅಷ್ಟೇ, ನಮ್ಮವಳಿಗೆ ಆ ರಗಳೆ ಇಲ್ವಲ್ಲ.'

ಚೀಲದ ಅಂಚು ಮಡಿಸುತ್ತಿದ್ದ ಬೆರಳು ನಿಂತಿತು.

'ಕೊಟ್ರೆ ಏನಾಗುತ್ತೆ?'

'ಯಾರಿಗೆ?'

'ಉಬ್ಬಸ... ಇದ್ದೋರಿಗೆ.'

'ಶ್ವಾಸನಾಳಾನೂ ಹಾಗೇ ಹಿಡಿಯುತ್ತೆ. ಉಸಿರು ಒಳಗೂ ಹೋಗಲ್ಲ ಹೊರಗೂ ಬರಲ್ಲ. ಯಾಕೆ ಕೇಳ್ತೀರಿ?'

ಬೀಗಿತ್ತಿಯ ಮುಖ ಬಿಳಿಚಿಕೊಂಡಿತು. ಅಕ್ಕನ ಮುಖ ನೋಡಿದಳು, ಬಾಗಿಲು ನೋಡಿದಳು. ಆ ನೋಟದಲ್ಲಿ ಅವಳು ಯಾವುದರ ಎದುರಿಗೆ ಯಾವುದನ್ನು ಇಟ್ಟು ತೂಗುತ್ತಿದ್ದಳೋ, ಅದು ಅಕ್ಕನಿಗೆ ಆಮೇಲೆ ಎಷ್ಟೋ ದಿನ ಕಣ್ಣಿಗೆ ಕಟ್ಟಿದ ಹಾಗೆ ಇತ್ತು.

'ಅವಳಿಗಿದೆ,' ಎಂದಳು ಬೀಗಿತ್ತಿ.

'ಏನಿದೆ?'

'ಉಬ್ಬಸ. ಚಿಕ್ಕಂದಿನಿಂದ. ಉಸಿರಿಗೆ ಪಂಪ್ ತಗೋತಾಳೆ. ಮದುವೆ ಮಾತುಕತೆ ದಿನ ನೀವೇ ಅಂದ್ರಲ್ಲ, ದಿನಾ ರೋಗ ನೋಡಿ ಸಾಕಾಗಿದೆ, ನಮ್ಮನೆಗೆ ಸೀಕು ಹುಡುಗಿ ಮಾತ್ರ ಬೇಡ ಅಂತ. ಅದಕ್ಕೇ ನಾವು...'

ಉಳಿದದ್ದನ್ನು ಅಕ್ಕ ಕೇಳಲಿಲ್ಲ. ಅವಳ ಮೈ ಆಗಲೇ ಬಾಗಿಲಿಗೆ ಬಡಿದಿತ್ತು.

'ಚುಚ್ಬೇಡಿ! ಉಬ್ಬಸ ಇದೆ! ಮೇಡಂ, ಅವಳಿಗೆ ಉಬ್ಬಸ ಇದೆ!'

ಒಳಗೆ ಎಲ್ಲರೂ ಇದ್ದಲ್ಲೇ ನಿಂತರು. ಮದ್ದು ತುಂಬಿದ ಸಿರಿಂಜು ಹೊಸ ನರ್ಸಿನ ಕೈಯಲ್ಲಿತ್ತು, ಹುಡುಗಿಯ ತೊಡೆಯನ್ನು ಸ್ಪಿರಿಟಿನಿಂದ ಒರೆಸಿಯೂ ಆಗಿತ್ತು. ಡಾಕ್ಟರಮ್ಮ ಒಂದು ಮುಷ್ಟಿಯನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಹೊಟ್ಟೆಯ ಮೇಲಿನಿಂದ ಒತ್ತಿ, ಗರ್ಭಕೋಶವನ್ನು ಎರಡು ಕೈಗಳ ನಡುವೆ ಅದುಮಿ ಹಿಡಿದಿದ್ದರು. ಅವರು ತಲೆಯೆತ್ತಿ ಅಕ್ಕನನ್ನು ನೋಡಿದ್ದು ಒಂದೇ ಕ್ಷಣ.

'ಅದನ್ನ ಕೆಳಗಿಡು,' ಎಂದರು ನರ್ಸಿಗೆ. 'ಮಿಸೊ ನಾಲ್ಕು ಮಾತ್ರೆ, ನಾಲಿಗೆ ಕೆಳಗೆ. ಬಲೂನ್ ತಯಾರಿಡಿ. ಸಿಸ್ಟರ್, ಬಂದಿದ್ದೀರಲ್ಲ, ತಲೆ ಹತ್ರ ನಿಲ್ಲಿ. ಉಸಿರು ನೋಡ್ತಾ ಇರಿ.'

ಮಿಸೊ ಅಂದರೆ ಬೆಳಗ್ಗಿನ ಮಿಸೊಪ್ರೊಸ್ಟಾಲ್. ಅದೇ ಮನೆತನದ್ದಾದರೂ ಆ ಮಾತ್ರೆ ಉಬ್ಬಸದವರ ಶ್ವಾಸನಾಳಕ್ಕೆ ಹಾಗೆ ಕೈಹಾಕುವುದಿಲ್ಲ, ಬಿಪಿಯನ್ನೂ ಕೆರಳಿಸುವುದಿಲ್ಲ. ಚುಚ್ಚುಮದ್ದಿನಷ್ಟು ಚುರುಕಲ್ಲ, ಆದರೆ ಈ ಹುಡುಗಿಯ ಪಾಲಿಗೆ ಉಳಿದಿದ್ದ ದಾರಿ ಅದೇ. ಅಕ್ಕ ಮಾತ್ರೆಗಳನ್ನು ಕೈಯಲ್ಲಿ ಹಿಡಿದು ಸೊಸೆಯ ಮುಖದ ಮೇಲೆ ಬಾಗಿದಳು. ಹುಡುಗಿ ಕಾಗದದ ಹಾಗೆ ಬೆಳ್ಳಗಾಗಿದ್ದಳು. ಕಣ್ಣು ತೆರೆದೇ ಇತ್ತು. ಅತ್ತೆ ಕಿರುಚಿದ್ದು ಅವಳಿಗೆ ಕೇಳಿಸಿತ್ತು. ಆ ಕಣ್ಣುಗಳಲ್ಲಿ ಇದ್ದದ್ದು ರಕ್ತ ಹೋಗುತ್ತಿರುವ ಹೆದರಿಕೆಯಲ್ಲ ಎಂದು ಅಕ್ಕನಿಗೆ ತಟ್ಟನೆ ತಿಳಿಯಿತು.

'ಬಾಯಿ ತೆಗಿ ಕಂದ. ನುಂಗ್ಬೇಡ, ನಾಲಿಗೆ ಕೆಳಗೆ ಇಟ್ಕೊ.'

ಹುಡುಗಿ ಬಾಯಿ ತೆರೆದಳು. ಅಕ್ಕ ನಾಲ್ಕೂ ಮಾತ್ರೆಗಳನ್ನು ಒಂದೊಂದಾಗಿ ಇಟ್ಟಳು.

ಆಮೇಲಿನದ್ದು ಅಕ್ಕನಿಗೆ ಒಂದರ ಹಿಂದೆ ಒಂದಾಗಿ ನೆನಪಿಲ್ಲ. ಡಾಕ್ಟರಮ್ಮನ ತೋಳು ನೋವಿನಿಂದ ನಡುಗಿದ್ದು, ಆದರೂ ಅವರು ಕೈ ಸಡಿಲಿಸದೇ ಇದ್ದದ್ದು. ಒಳಗಿನಿಂದ ಒತ್ತಿ ಹಿಡಿಯಲಿ ಎಂದು ರಬ್ಬರ್ ಬಲೂನನ್ನು ಗರ್ಭಕೋಶದೊಳಗಿಟ್ಟು ಸಲೈನ್ ತುಂಬಿಸುತ್ತಾ ಹೋದದ್ದು. ಕೆಂಪು ಚೀಲವೊಂದು ಸ್ಟ್ಯಾಂಡಿಗೆ ನೇತುಬಿದ್ದದ್ದು. ಬೇರೆ ಹೆಂಗಸರಿಗೆ ಇದೇ ಆದಾಗ ಅಕ್ಕ ಕೋಣೆ ತುಂಬ ಓಡಾಡುತ್ತಾ ಹತ್ತು ಕೆಲಸ ಮಾಡುತ್ತಿದ್ದಳು. ಈಗ ಅವಳ ಕೆಲಸ ಒಂದೇ, ಹುಡುಗಿಯ ಎದೆ ಏರಿಳಿಯುವುದನ್ನು ನೋಡುವುದು. ಕಾಲು ಓಡು ಎನ್ನುತ್ತಿತ್ತು, ಓಡಲು ಜಾಗವಿರಲಿಲ್ಲ. ಮನಸ್ಸು ಮಾತ್ರ ಬೋನಿಗೆ ಬಿದ್ದ ಇಲಿಯ ಹಾಗೆ ಸುತ್ತುತ್ತಿತ್ತು: ಬರ್ಕೊ ಅಂದೆ. ಉಬ್ಬಸ ಇಲ್ಲ, ಬರ್ಕೊ ಅಂದೆ.

ಹುಡುಗಿ ಗಡಗಡ ನಡುಗತೊಡಗಿದಳು. ಹಲ್ಲು ಕಟಕಟ ಎಂದವು. ಹೊಸ ನರ್ಸು ಗಾಬರಿಯಾದಳು.

'ಮಾತ್ರೆದು,' ಎಂದಳು ಅಕ್ಕ. 'ಚಳಿ ಬರುತ್ತೆ, ಜ್ವರಾನೂ ಬರುತ್ತೆ, ಇಳಿಯುತ್ತೆ. ಕಂಬಳಿ ಕೊಡು.' ಅವಳ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

ಕೊನೆಗೆ ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, ಒತ್ತಿ, ಮತ್ತೊಮ್ಮೆ ಒತ್ತಿ ನೋಡಿ, 'ಗಟ್ಟಿಯಾಗ್ತಿದೆ' ಎಂದರು. ಕೆಳಗೆ ಇಣುಕಿ ನೋಡಿದರು. 'ನಿಂತಿದೆ.' ಮೂಲೆಯ ತೊಟ್ಟಿಲಲ್ಲಿ ಮಗು ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು.

ಡಾಕ್ಟರಮ್ಮ ಸಿಂಕಿನ ಹತ್ತಿರ ಕೈ ತೊಳೆಯುವಾಗ ಅಕ್ಕ ಹಿಂದೆ ಹೋಗಿ ನಿಂತಳು. ಏನಾದರೂ ಬೈಯಲಿ ಎಂದೇ ಹೋಗಿದ್ದಳು. ಬೈಸಿಕೊಂಡರೆ ಎದೆಯ ಭಾರ ಸ್ವಲ್ಪ ಇಳಿದೀತು.

'ತಪ್ಪು ನಂದೇ ಮೇಡಂ. ಬರೆಸಿದ್ದು ನಾನು. ಅವಳನ್ನ ಕೇಳೋಕೇ ಬಿಡ್ಲಿಲ್ಲ.'

ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು. ಮೊಣಕೈವರೆಗೆ ಒದ್ದೆಯಾದ ಕೈಗಳನ್ನು ಹಾಗೇ ಮೇಲೆತ್ತಿಕೊಂಡು ತಿರುಗಿದರು.

'ನಾನು ಕೇಳಿದೆ ಸಿಸ್ಟರ್.'

'ಏನು?'

'ಬರೆದಿರೋದನ್ನ ನಂಬಿ ಕಾರ್ಬೊಪ್ರೊಸ್ಟ್ ಹಾಕ್ತೀನಾ? ಔಷಧಿ ತರೋಕೆ ಹೇಳಿದ್ಮೇಲೆ ಅವಳನ್ನೇ ಕೇಳಿದೆ. ಉಸಿರಾಟದ ತೊಂದರೆ ಇದ್ಯಾಮ್ಮ, ಉಬ್ಬಸ ಇದ್ಯಾ, ಇದ್ರೆ ಹೇಳು, ಈ ಇಂಜೆಕ್ಷನ್ ಆಗಲ್ಲ ಅಂತ. ಪ್ರಜ್ಞೆ ಚೆನ್ನಾಗೇ ಇತ್ತು. ನನ್ನ ಮುಖ ನೋಡಿದ್ಲು. ಆಮೇಲೆ ಬಾಗಿಲ ಕಡೆ ನೋಡಿದ್ಲು. ಇಲ್ಲ ಅಂದ್ಲು.'

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲ ಹತ್ರಾನೇ ಇರ್ತೀನಿ ಎಂದು ತಾನೇ ಹೇಳಿ ಬಂದಿದ್ದಳಲ್ಲ. ಧೈರ್ಯಕ್ಕೆ ಅಂತ ಹೇಳಿದ ಮಾತು ಅದು. ಹುಡುಗಿಗೆ ಅದು ಕಾವಲಾಗಿ ಕೇಳಿಸಿತ್ತು.

'ಸಾಯ್ತಿದ್ಲು ಮೇಡಂ,' ಎಂದಳು. 'ಗೊತ್ತಿದ್ದೂ ಇಲ್ಲ ಅಂದ್ಲಾ?'

'ಸಾಯ್ತೀನಿ ಅಂತ ಅವಳಿಗೆ ಅನ್ನಿಸ್ಲಿಲ್ಲವೇನೋ. ಅಥವಾ ಅದಕ್ಕಿಂತ ಬೇರೇದು ದೊಡ್ಡದಾಗಿ ಕಂಡಿರ್ಬೇಕು.' ಡಾಕ್ಟರಮ್ಮ ಟವಲಿಗೆ ಕೈ ಒರೆಸಿಕೊಂಡರು. 'ನಾನೂ ಇನ್ನೊಂದು ಸಲ ಒತ್ತಿ ಕೇಳಬೇಕಿತ್ತು. ಹೋಗಿ, ಅವಳ ಹತ್ರ ಇರಿ.'

ಕತ್ತಲಾಗುವ ಹೊತ್ತಿಗೆ ಹುಡುಗಿಯನ್ನು ಪಕ್ಕದ ಕೋಣೆಗೆ ತಂದರು. ಮಗನ ಬಸ್ಸು ಇನ್ನೂ ಊರು ತಲುಪಿರಲಿಲ್ಲ. ಬಲೂನು ಇನ್ನೂ ಒಳಗಿತ್ತು, ಡ್ರಿಪ್ಪು ನಡೆಯುತ್ತಿತ್ತು. ಬೀಗಿತ್ತಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಅಕ್ಕ ಒಳಗೆ ಬಂದದ್ದೇ ತಡ ಅವಳು ಗೋಡೆಗೆ ಸರಿದಳು. ಅಕ್ಕ ಡ್ರಿಪ್ಪು ನೋಡಿದಳು, ಕಂಬಳಿ ಸರಿಮಾಡಿದಳು, ಸರಿಯಾಗಿದ್ದ ದಿಂಬನ್ನು ತೆಗೆದು ಮತ್ತೆ ಅಲ್ಲೇ ಇಟ್ಟಳು.

ಹುಡುಗಿಯೇ ಮೊದಲು ಬಾಯಿಬಿಟ್ಟಳು. ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು. 'ಅಮ್ಮಂಗೆ ಏನೂ ಅನ್ಬೇಡಿ ಅತ್ತೆ. ಹೇಳ್ಬೇಡ ಅಂದಿದ್ದು ನಾನು.'

'ನಿಮ್ಮಮ್ಮ ಹೇಳ್ದೆ ಇದ್ದಿದ್ರೆ...' ಅಕ್ಕ ಬೀಗಿತ್ತಿಯ ಕಡೆ ತಿರುಗಿ, 'ದೊಡ್ಡ ಉಪಕಾರ ಮಾಡಿದ್ರಿ' ಎಂದಳು. ಆ ಮಾತಿಗೆ ಬೀಗಿತ್ತಿ ಬಿಕ್ಕಿದಳು.

'ಮನೇಲಿ ಪಂಪ್ ಹೇಗೆ ತಗೋತಿದ್ದೆ?' ಎಂದು ಅಕ್ಕ ಕೇಳಿದಳು. 'ನಾನು ಒಂದಿನಾನೂ ನೋಡಿಲ್ವಲ್ಲೇ.'

'ಬಚ್ಚಲಲ್ಲಿ. ಸದ್ದು ಕೇಳಬಾರ್ದು ಅಂತ ನಲ್ಲಿ ಬಿಟ್ಕೊಂಡು.'

ಬಚ್ಚಲಿನ ಬಾಗಿಲು ಬಡಿದು, 'ನೀರು ಪೋಲು ಮಾಡ್ತೀಯಲ್ಲೇ, ಒಳಗೇನು ಕೆರೆ ತುಂಬಿಸ್ತಿದ್ಯಾ' ಎಂದು ಎಷ್ಟು ಬೆಳಗ್ಗೆ ಕೂಗಿದ್ದೆ ಎಂದು ಅಕ್ಕನಿಗೆ ನೆನಪಾಯಿತು. ಒಳಗೆ ಉಸಿರಿಗೆ ಕಷ್ಟಪಡುತ್ತಿದ್ದವಳು ಆಗ ನಲ್ಲಿ ನಿಲ್ಲಿಸಿ, 'ಬಂದೆ ಅತ್ತೆ' ಎನ್ನುತ್ತಿದ್ದಳು.

ಹುಡುಗಿಯ ಎದೆಯಿಂದ ಸಣ್ಣಗೆ ಸುಂಯ್ ಎಂಬ ಸದ್ದು ಬರುತ್ತಿತ್ತು. ದಿನವಿಡೀ ಬಳಲಿದ್ದಕ್ಕೆ ಇರಬೇಕು. ಅಕ್ಕ ಕಿವಿಗೊಟ್ಟು ಕೇಳಿದಳು, ಬೀಗಿತ್ತಿಯ ಕಡೆ ಕೈ ಚಾಚಿದಳು. ಬೀಗಿತ್ತಿ ಚೀಲದ ತಳದಿಂದ ಪಂಪ್ ತೆಗೆದುಕೊಟ್ಟಳು. ಅಕ್ಕ ಅದರ ಮುಚ್ಚಳ ತೆಗೆದು, ಚೆನ್ನಾಗಿ ಅಲುಗಾಡಿಸಿ, ಸೊಸೆಯ ಕೈಗಿಟ್ಟಳು. 'ತಗೊ ಕಂದ. ಇಲ್ಲೇ ತಗೊ. ನನ್ನೆದುರಿಗೇ ತಗೊ, ಏನೂ ಆಗಲ್ಲ.'

'ಸರಿ ಅತ್ತೆ,' ಎಂದಳು ಹುಡುಗಿ.

ಎಂದವಳು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ, ಆಮೇಲೆ ಪಂಪ್ ಒತ್ತಿ ಉಸಿರೆಳೆದುಕೊಂಡಳು.